ಅಕ್ಟೋಬರ್ ಒಂದರ ನಾನೂರು ರೂಪಾಯಿ

ಮೂಡಬಿದಿರೆಯ ಬಸ್‌ಸ್ಟ್ಯಾಂಡಿನ ಬಳಿ ಚಹಾದ ಹೋಟೆಲು ನಡೆಸುವ ಪೂವಮ್ಮ ಮೂರನೆಯ ಸಲ ಬ್ಯಾಂಕಿಗೆ ಬಂದಿದ್ದಳು. ಹಿಂದಿನ ಎರಡು ಸಲವೂ ರಶೀದಿ ತರಲು ಹೇಳಿ ಕಳಿಸಿದ್ದ ಬ್ಯಾಂಕಿನ ಮುಖ್ಯಸ್ಥರಾದ ಏಜೆಂಟರು, ಈಗ ರಶೀದಿ ಅಂಟಿಸಿದ ಅವಳ ಪತ್ರವನ್ನು ಓದಿದರು.

“ಎಂಟುನೂರು ರೂಪಾಯಿ ಸಾಲಕ್ಕೆ ವರ್ಷಕ್ಕೆ ಶೇಕಡಾ ಒಂಬತ್ತರಂತೆ ಆರು ತಿಂಗಳ ಬಡ್ಡಿ ಮೂವತ್ತಾರು. ಅದನ್ನೂ ಅಸಲಿನಲ್ಲಿ ನಾನೂರನ್ನೂ ಅಕ್ಟೋಬರ್ ಒಂದಕ್ಕೆ ಕಟ್ಟಿದ್ದೇವೆ. ಉಳಿದ ನಾನೂರಕ್ಕೆ ಮುಂದಿನ ಆರು ತಿಂಗಳಿಗೆ ಹದಿನೆಂಟು ಆಗಬೇಕು. ತಾವು ಮೂವತ್ತಾರು ಹಾಕಿದ್ದೀರಿ. ಹದಿನೆಂಟು ಹೆಚ್ಚು.”

ಏಜೆಂಟರು ತಮ್ಮ ಕಿಸೆಯಿಂದಲೇ ಹದಿನೆಂಟು ರೂಪಾಯಿ ತೆಗೆದಿಟ್ಟರು. “ಇಷ್ಟಕ್ಕೆ ಪತ್ರ ಯಾಕೆ ಮಾರಾಯ್ತಿ? ಗುಮಾಸ್ತ ನಾನೂರನ್ನು ಬೇರೆಯವರ ಖಾತೆಗೆ ಬರೆದು, ಮಾರ್ಚಿನಲ್ಲಿ ನಿಮ್ಮದಕ್ಕೆ ತಂದಿದ್ದಾನೆ. ಇದನ್ನು ಹಿಡಿದು ಪತ್ರ ವಾಪಸ್ ತೆಗೆದುಕೊಳ್ಳಿ.”

“ಹಣ ಬೇಡ ಸ್ವಾಮೀ. ಕಟ್ಟಿ ಬಂದವನು ನನ್ನ ತಮ್ಮ ಭೋಜ. ನೀವು ಕೊಟ್ಟ ಸಾಲದ ಲೆಕ್ಕದ ಪಟ್ಟಿಯಲ್ಲಿ ಮಾರ್ಚ್ ಅಂತ ಉಂಟು, ಆರು ತಿಂಗಳು ಹಣ ಇವನ ಕಿಸೆಯಲ್ಲೇ ಇತ್ತು ಅಂತ ಎಲ್ಲರೂ ಹೇಳಿದರು. ನಾನೂ ಹೇಳಿದೆ. ಪುತ್ತಿಗೆಗೆ ಹೋದವನು ಮತ್ತೆ ಬರಲಿಲ್ಲ. ಸಂಜೆ ಹೊತ್ತು ಅವನು ಓದುತ್ತಿದ್ದ ಮಹಾಭಾರತದ ಪುಸ್ತಕದೊಳಗೇ ಈ ರಶೀದಿ ಇತ್ತು. ಅವನು ಹೋದ ಮೇಲೆ ಅದನ್ನು ಯಾರೂ ಬಿಡಿಸಿರಲಿಲ್ಲ.”

ಏಜೆಂಟರು ಹಣವನ್ನು ಕಿಸೆಗೆ ಹಾಕಿಕೊಂಡು ಗುಮಾಸ್ತನನ್ನು ಕರೆದರು. ಹೆಚ್ಚಿನ ಬಡ್ಡಿ ಅವಳ ಖಾತೆಗೆ ಜಮೆಯಾಯಿತು, ತಾರೀಕು ತಿದ್ದಿದ ಪಟ್ಟಿಗೆ ಮೊಹರು ಬಿತ್ತು.

ಪೂವಮ್ಮ ಹೋಟೆಲಿನ ಬಾಗಿಲು ತೆಗೆಯಲಿಲ್ಲ. ಪಟ್ಟಿಯನ್ನು ಆ ಪುಸ್ತಕದೊಳಗೆ ಇಟ್ಟುಕೊಂಡು, ಪುತ್ತಿಗೆಯ ಬಸ್ಸು ಹತ್ತಿದಳು.