ತೆರೆದ ಕಾರ್ಡು

ರಾಯಚೂರಿನ ಸಗಟು ವ್ಯಾಪಾರಿಯ ವಕೀಲರ ನೋಟೀಸು ರಿಜಿಸ್ಟರ್ಡ್ ಲಕೋಟೆಯಲ್ಲಿ ಬಂದಾಗ ಅಂಗಡಿಯ ಬಾಗಿಲು ಎಳೆದುಕೊಂಡು ಓದಿದೆ. ‘ಈ ನೋಟೀಸು ಮುಟ್ಟಿದ ಹದಿನೈದು ದಿನಗಳೊಳಗೆ ಬಾಕಿ ರೂ. 480 ಪಾವತಿಸತಕ್ಕದ್ದು. ತಪ್ಪಿದಲ್ಲಿ ದಾವೆ ಹೂಡಿ, ಬಡ್ಡಿ ಹಾಗೂ ಖರ್ಚು ಸಮೇತ ವಸೂಲು ಮಾಡಲಾಗುವುದು.’ ಕೋರ್ಟು ಕಟ್ಟೆ ಹತ್ತಿದ ವ್ಯಾಪಾರಿಗೆ ಮತ್ತೆ ಯಾರೂ ಉದ್ದರಿ, ಅಂದರೆ ಸಾಲಕ್ಕೆ, ಮಾಲು ಕೊಡುವುದಿಲ್ಲ. ಮಾನ್ವಿಯ ನನ್ನ ಬಟ್ಟೆ ಅಂಗಡಿ ಅಲ್ಲಿಗೆ ಮುಗಿಯಿತು.

ನನಗೂ ಅಷ್ಟೇ ಹಣ ಬರಬೇಕಿತ್ತು. ಹಿರೇಕೊಟ್ನೆಕಲ್ ಶಾಲೆಯ ಮೌನಪ್ಪ ಮಾಸ್ತರರು ತಂಗಿಯ ಮದುವೆಗೆ ಉದ್ದರಿ ಬಟ್ಟೆ ಒಯ್ದು ಎಂಟು ತಿಂಗಳಾಗಿತ್ತು. ಅವರ ಸ್ವಂತ ಊರು ದೇವದುರ್ಗ; ತಂಗಿಯನ್ನು ಮಾತ್ರ ತಾವು ಕೆಲಸ ಮಾಡುವ ಊರಿಗೇ ಮದುವೆ ಮಾಡಿಕೊಟ್ಟಿದ್ದರು. ನೋಟೀಸು ಬಂದ ನಾಲ್ಕನೆಯ ದಿನ, ಬಾಕಿ ಕೇಳಿ ಅವರಿಗೆ ಕಾಗದ ಬರೆಯುತ್ತೇನೆಂದೆ.

“ವಕೀಲರಂಗ ಬರೀಬ್ಯಾಡ್ರಿ. ಮಾಸ್ತರು ಮರ್ಯಾದಸ್ಥರು,” ಎಂದಳು ಹೆಂಡತಿ ಬಸವಂತಮ್ಮ.

ನೋಟೀಸನ್ನೇ ಮಾದರಿಯಾಗಿ ಮುಂದಿಟ್ಟುಕೊಂಡು ಕೂತೆ. ತಾರೀಖು, ಮೊತ್ತ, ಗಡುವು ಉಳಿಸಿಕೊಂಡೆ. ‘ಪಾವತಿಸತಕ್ಕದ್ದು’ ಹೊಡೆದು ‘ಅನುಕೂಲ ಮಾಡಿಕೊಟ್ಟರೆ ಉಪಕಾರವಾದೀತು’ ಎಂದು ಬರೆದೆ. ದಾವೆಯ ಮಾತು ಪೂರ್ತಿ ತೆಗೆದೆ. ನನ್ನದೇ ಗಡುವು ಓಡುತ್ತಿದ್ದುದರಿಂದ ಹದಿನೈದು ದಿನವನ್ನು ಹತ್ತು ಮಾಡಿದೆ. ‘ತಂಗಿಯ ಮದುವೆಯ ಸೀರೆ, ಬಟ್ಟೆಗಳ ಬಾಬ್ತು’ ಎಂದು ನೆನಪಿಗೆ ಸೇರಿಸಿದೆ. ಇಷ್ಟು ಮೆತ್ತಗಿನ ಮಾತಿನಲ್ಲಿ ಮುಚ್ಚಿಡುವುದೇನಿದೆ ಎಂದು ಪೋಸ್ಟ್ ಕಾರ್ಡಿನಲ್ಲೇ ಬರೆದು ಶಾಲೆಯ ವಿಳಾಸಕ್ಕೆ ಹಾಕಿದೆ. ಮುಚ್ಚಿ ಅಂಟಿಸುವ ಇನ್‌ಲ್ಯಾಂಡಿಗೆ ಹೆಚ್ಚು ಬೀಳುವ ನಾಲ್ಕು ಪೈಸೆಗೂ ಜೀವ ಹಿಡಿದಿದ್ದೆ, ದರಿದ್ರದವನು ನಾನು!

ಕಾರ್ಡು ಹಾಕಿದ ಒಂಬತ್ತನೆಯ ದಿನ ಮಾಸ್ತರರು ಬಂದರು. ಕೂತುಕೊಳ್ಳಿ ಎಂದರೂ ಕೂರಲಿಲ್ಲ. ನೋಟುಗಳನ್ನು ಗಲ್ಲಾದ ಮೇಲಿಟ್ಟರು.

“ಎಣಿಸ್ಕೋರಿ ಸಾವ್ಕಾರ್ರ. ಹೆಂಡ್ತಿ ಕೊರಳಾಗಿನ ಬಂಗಾರದ ಬೋರಮಾಳ ಮಾರೀನಿ.”

“ಇಷ್ಟು ಅವಸರ ಮಾಡಬಾರದಿತ್ರಿ...” ಎಂದೆ. ಸುಳ್ಳು. ಹಣ ನೋಡಿ ನನಗೆ ಹೋದ ಜೀವ ಬಂದಂತಾಗಿತ್ತು.

“ಸಾಲಿಗೆ ಬಂದ ಕಾರ್ಡು ನನ್ನ ಕೈ ಮುಟ್ಟೋದ್ರಾಗ, ಟಪಾಲು ಇಳಿಯೋ ಚಾ ಅಂಗಡ್ಯಾಗ ನಾಕು ಮಂದಿ ಓದಿದ್ರು. ‘ಉದ್ದರಿ ಸೀರಿ ಉಟ್ಟು ಬಂದಾಕಿ’ ಅಂತ ತಂಗೀನ ಅತ್ತಿ ಹೊರಗ ಹಾಕ್ಯಾಳ. ದೇವದುರ್ಗದಾಗ ತವರುಮನ್ಯಾಗ ಕುಂತಾಳ, ಅನ್ನ ಮುಟ್ಟವಲ್ಲಳು.”

“ನಾ ಒಂದು ಕೆಟ್ಟ ಮಾತೂ ಬರ್ದಿಲ್ರಿ ಮಾಸ್ತರ.”

“ಇಲ್ರಿ, ಬಾಳ ಛಲೋ ಬರ್ದೀರಿ. ಅದಕ್ಕ ಎಲ್ಲಾರಿಗೂ ತಿಳೀತು. ವಕೀಲರ ನೋಟೀಸೇ ಕಳಿಸಿದ್ರ ಮುಚ್ಚಿದ ಲಕೋಟ್ಯಾಗ ಬರ್ತಿತ್ತು. ನಾ ಒಬ್ಬನ ಓದಿ ಒಬ್ಬನ ಅಳ್ತಿದ್ದೆ.”

ಹಣ ವಾಪಸು ತಳ್ಳಬೇಕೆನಿಸಿತು. ತಳ್ಳಲಿಲ್ಲ. ರಾಯಚೂರಿನ ಗಡುವಿಗೆ ಎರಡೇ ದಿನ ಉಳಿದಿತ್ತು.

ರಸೀದಿ ಪುಸ್ತಕ ತೆಗೆದೆ. ಮಾಸ್ತರರು ಬೇಡವೆಂದು, ಜೇಬಿನಿಂದ ಹೊಸ ಪೋಸ್ಟ್ ಕಾರ್ಡು ತೆಗೆದಿಟ್ಟರು. ತಂಗಿಯ ಅತ್ತೆಯ ವಿಳಾಸ ಆಗಲೇ ಬರೆದಿತ್ತು.

“ರೊಕ್ಕ ಮುಟ್ಯಾದಂತ ಇದರಾಗ ಬರೀರಿ. ದೊಡ್ಡ ಅಕ್ಷರದಾಗ. ಚಾ ಅಂಗಡ್ಯಾಗ ಕಾಣಂಗ.”

ಬರೆದುಕೊಟ್ಟೆ. ಅವರು ಓದಿ, ಮತ್ತೆ ಓದಿ, ಎದೆಯ ಜೇಬಿನಲ್ಲಿಟ್ಟುಕೊಂಡರು.

“ತಂಗೀನ ತಿರುಗಿ ಮನಿಗೆ ಕರ್ಕೊಂಡಾರೇನ್ರಿ?” ಎಂದು ಕೇಳಿದರು, ನನ್ನನ್ನೇ.