ಕೊಟ್ರಬಸಮ್ಮ ಕೇಳಿದ ಸ್ಕ್ರಿಪ್ಟ್

ನೋಡಿದವರನ್ನು ಅಳಿಸುವಂತೆ ಬರೆಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ನನಗಿತ್ತು. ಬಳ್ಳಾರಿಯ ನಮ್ಮ ಟ್ರಸ್ಟ್ ತೆಕ್ಕಲಕೋಟೆಯ ಆಚೆ ಒಂದು ಹಳ್ಳಿ ಶಾಲೆಯಲ್ಲಿ ಗ್ರಂಥಾಲಯ ನಡೆಸುತ್ತದೆ. ದಾನಿಗಳಿಗೆ ತೋರಿಸಲು ಮೂರು ನಿಮಿಷದ ಚಿತ್ರ ಬೇಕಿತ್ತು. ಈ ಸಲ ದೇಣಿಗೆ ಬರದಿದ್ದರೆ ಜೂನ್‌ನಲ್ಲಿ ಗ್ರಂಥಾಲಯಕ್ಕೆ ಬೀಗ. ಹಾಗಾಗಿ ಕರವಸ್ತ್ರ ಒದ್ದೆಯಾಗುವಂಥ ಸ್ಕ್ರಿಪ್ಟನ್ನೇ ಬರೆದಿದ್ದೆ.

ಅದರ ನಾಯಕಿ ಐದನೇ ತರಗತಿಯ ಚೈತ್ರಾ. ಮಗುವನ್ನು ಚಿತ್ರೀಕರಿಸಲು ತಾಯಿಯ ಒಪ್ಪಿಗೆ ಬೇಕು. ಕ್ಯಾಮೆರಾದವರನ್ನು ಶಾಲೆಯಲ್ಲಿ ಕೂರಿಸಿ, ಗ್ರಂಥಾಲಯ ನೋಡಿಕೊಳ್ಳುವ ಯರ್ರಿಸ್ವಾಮಿ ಮತ್ತು ಚೈತ್ರಾಳ ಜೊತೆ ಅವಳ ಮನೆಗೆ ಹೋದೆ. ತಾಯಿ ಕೊಟ್ರಬಸಮ್ಮ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದರು.

“ಇಲ್ಲಿ ಹೆಬ್ಬೆಟ್ಟು ಒತ್ತಿಬಿಡ್ರೆಮ್ಮ,” ಎಂದು ಒಪ್ಪಿಗೆ ಪತ್ರ ಚಾಚಿದೆ.

“ಮದ್ಲ ಓದಿ ಹೇಳ್ರಿ. ಕೇಳದ ಒತ್ತಂಗಿಲ್ಲ ನಾ.”

ಯರ್ರಿಸ್ವಾಮಿ ಮೀಸೆಯಲ್ಲೇ ನಕ್ಕ. ಅದು ಅವನೇ ಮಾಡಿದ ಕಾಯಿದೆ. ಮಗು ಮನೆಗೆ ಒಯ್ದ ಪುಸ್ತಕವನ್ನು ಹಿರಿಯರಿಗೆ ಓದಿ ಹೇಳಬೇಕು. ಕೇಳಿದವರು ಮಗುವಿನ ಕಾರ್ಡಿನಲ್ಲಿ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿದರೆ ಮಾತ್ರ ಮುಂದಿನ ಪುಸ್ತಕ.

ಒಪ್ಪಿಗೆ ಪತ್ರ ಓದಿದೆ. ಸ್ಕ್ರಿಪ್ಟನ್ನೂ ಓದಿರಿ ಎಂದರು. ಯಾರ ಬಗ್ಗೆ ಬರೆದೆನೋ ಅವರೆದುರೇ ಓದುವ ಪ್ರಸಂಗ ನನಗೆ ಎಂದೂ ಬಂದಿರಲಿಲ್ಲ.

“ಇವಳು ಚೈತ್ರಾ. ಕತ್ತಲ ಗುಡಿಸಲಲ್ಲಿ ಅನಕ್ಷರಸ್ಥ ತಾಯಿಯೊಂದಿಗೆ...”

“ಕತ್ತಲಾ?” ಕೊಟ್ರಬಸಮ್ಮ ತಲೆಯೆತ್ತಿ ಸಿಮೆಂಟಿನ ತಾರಸಿ ನೋಡಿದರು. “ಲೇ ಚೈತ್ರಾ, ಲೈಟ್ ಹಾಕಲೇ! ರಶ್ಮಿ ಮೇಡಮ್ಮಾರಿಗೆ ಕಣ್ಣು ಕಾಣವಲ್ವು.”

ಹಾಡಹಗಲಲ್ಲಿ ಚೈತ್ರಾ ಹಾಕಿಯೇಬಿಟ್ಟಳು. ಭೂಮಿ ಬಾಯಿಬಿಡಬಾರದೇ ಎನಿಸಿತು.

“ಇದನ್ನ ಮಂದಿಗೆ ತೋರಸ್ತೀರೇನು? ಒಲ್ಲೆ,” ಎಂದು ಪತ್ರ ಹಿಂದಕ್ಕೆ ತಳ್ಳಿದರು.

ಚಿತ್ರವೂ ಹೋಯಿತು, ಗ್ರಂಥಾಲಯವೂ ಹೋಯಿತು. ಜಂಬ ಯಾವಾಗಲೋ ಹೋಗಿತ್ತು. “ಹಂಗಾರ ಏನು ಬರೀಲಿ? ನೀವಾ ಹೇಳ್ರಿ,” ಎಂದೆ.

ಅವರು ಚೈತ್ರಾಳ ಕಾರ್ಡು ತರಿಸಿದರು. ಎರಡೂ ಬದಿ ಸಾಲಾಗಿ ಪುಸ್ತಕಗಳ ಹೆಸರು, ಪ್ರತಿಯೊಂದರ ಪಕ್ಕ ನೀಲಿ ಹೆಬ್ಬೆಟ್ಟು.

“ಅಲ್ಲಿದ್ದ ಪುಸ್ತಕ ಎಲ್ಲಾ ಕೇಳಿ ಮುಗಿಸೀನಿ. ಆಮಿ ಕತಿ ಮೂರು ಸಲ ತಂದಾಳ. ಈಕಿ ತಪ್ಪಿದ್ರ ನಾನಾ ತಿದ್ದತೀನಿ. ಹೊಸಾವು ಬೇಕಂತ ಬರೀರಿ. ಅದರಾಗ ಅಳೂದೇನೈತಿ?”

ಹೊಸ್ತಿಲ ಮೇಲೇ ಕೂತು ಹೊಸದಾಗಿ ಬರೆದೆ. ಗುಡಿಸಲು ಹೋಯಿತು, ಕಣ್ಣೀರು ಹೋಯಿತು. ಉಳಿದದ್ದು ಓದುವ ಮಗಳು, ತಿದ್ದುವ ತಾಯಿ, ಒಂದೇ ಬೇಡಿಕೆ. ಮತ್ತೆ ಓದಿ ಹೇಳಿದೆ. ಕೊನೆಯವರೆಗೂ ಕೇಳಿ ಕೊಟ್ರಬಸಮ್ಮ ಹೆಬ್ಬೆಟ್ಟು ಒತ್ತಿದರು. ಚಿತ್ರದ ಕೊನೆಯ ಮಾತನ್ನೂ ತಾವೇ ಕ್ಯಾಮೆರಾ ನೋಡಿ ಹೇಳಿದರು: “ಹಳೇವು ಬಾಯಿಪಾಠ ಆಗ್ಯಾವು. ಹೊಸಾವು ಕಳಸ್ರಿ.”

ದಾನಿಗಳು ನಕ್ಕರು, ಕೊಟ್ಟರು. ಜೂನ್‌ನಲ್ಲಿ ಹೊಸ ಪುಸ್ತಕಗಳ ಪೆಟ್ಟಿಗೆ ಒಯ್ದಾಗ ಚೈತ್ರಾ ತನ್ನ ಕಾರ್ಡು ತೋರಿಸಿದಳು. ಆಮೆಯ ಕತೆಯ ಕೆಳಗಿನ ಸಾಲಿನಲ್ಲಿ ‘ರಶ್ಮಿ ಮೇಡಂ ಬರೆದದ್ದು’ ಎಂದಿತ್ತು. ಪಕ್ಕದಲ್ಲಿ ಕೊಟ್ರಬಸಮ್ಮನವರ ಹೆಬ್ಬೆಟ್ಟು.