ನಿಂಬೆಗೆ ಇವತ್ತು ನೀರು

ಆಫೀಸಿನಲ್ಲಿ ನನಗೆ ಕತ್ತರಿ ಅಂತ ಅಡ್ಡಹೆಸರು. ಇಟ್ಟವರು ನಮ್ಮ ಬಾಸು. ಪಾಪ, ಅವರ ಸಂಕಟ ಅವರಿಗೆ. ಅವರಿಗೆ ಆಶ್ಚರ್ಯಚಿಹ್ನೆ ಅಂದ್ರೆ ಪ್ರಾಣ, ನನಗೆ ಅದನ್ನ ಕಂಡ್ರೆ ಮೈಯೆಲ್ಲ ಉರಿ. ಅವರು ಒಂದು ಸಾಲಿಗೆ ಮೂರು ಹಾಕಿ ಕಳಿಸೋದು, ನಾನು ಮೂರನ್ನೂ ಕಿತ್ತು ವಾಪಸ್ ಕಳಿಸೋದು, ಹೀಗೇ ಎರಡು ವರ್ಷ ಸಂಸಾರ ನಡೆದಿತ್ತು.

ನಮ್ಮದು ಗಿಡ ಬೆಳೆಸೋರಿಗಾಗಿ ಮಾಡಿರೋ ಆ್ಯಪು. ಕುಂಡದಲ್ಲಿರೋ ಗಿಡದ ಹೆಸರು ಹಾಕಿದ್ರೆ, ಯಾವತ್ತು ನೀರು, ಯಾವತ್ತು ಗೊಬ್ಬರ ಅಂತ ಫೋನಿಗೆ ನೋಟಿಫಿಕೇಶನ್ ಬರುತ್ತೆ. ಅದರಲ್ಲಿರೋ ಅಕ್ಷರಗಳಿಗೆಲ್ಲ ನಾನೇ ಹೊಣೆ. ನಾನು ಸೇರಿದಾಗ ನೋಟಿಫಿಕೇಶನ್ ಹೀಗಿತ್ತು: 'ನಮಸ್ಕಾರ ಗೆಳೆಯರೇ!!! ನಿಮ್ಮ ಪ್ರೀತಿಯ ನಿಂಬೆ ಗಿಡವು ನಿಮಗಾಗಿ ಕಾತರದಿಂದ ಕಾಯುತ್ತಿದೆ! ಮಣ್ಣು ಒಣಗಿದ್ದಲ್ಲಿ ದಯವಿಟ್ಟು ನೀರುಣಿಸಿ!' ಮೂಗಿಗಿಂತ ಮೂಗುತಿ ಭಾರ. ಫೋನು ಲಾಕ್ ಆಗಿದ್ದಾಗ ಮೇಲೆ ಕಾಣೋದು ಎರಡು ಬೆರಳಗಲ ಜಾಗ. ಅಲ್ಲಿ 'ನಿಮ್ಮ ಪ್ರೀತಿಯ ನಿಂ' ಅನ್ನೋವರೆಗೆ ಬಂದು, ಆಮೇಲೆ ಮೂರು ಚುಕ್ಕೆ. ಇದನ್ನ ನೋಡಿದ ಜನ ನೋಟಿಫಿಕೇಶನ್ನೇ ಬಂದ್ ಮಾಡಿ ಕೂರ್ತಿದ್ರು. ನಾನಾದ್ರೂ ಅದನ್ನೇ ಮಾಡ್ತಿದ್ದೆ.

ಮೊದಲು ಕೈ ಹಾಕಿದ್ದು ಶುರುವಿನ ಪರದೆಗಳಿಗೆ. ಆ್ಯಪ್ ಹಾಕ್ಕೊಂಡ ತಕ್ಷಣ ಒಂದರ ಹಿಂದೆ ಒಂದು ಆರು ಪರದೆ ಬರ್ತಿತ್ತು. ಮೊದಲನೆಯದೇ 'ನೋಟಿಫಿಕೇಶನ್ ಕಳಿಸಲು ಅನುಮತಿ ಕೊಡಿ'. ಅಲ್ರೀ, ಬಾಗಿಲಲ್ಲಿ ನಿಂತವನ ಹತ್ರ ಹೆಸರು ಕೇಳೋ ಮುಂಚೆ ಮನೆ ಬೀಗದಕೈ ಕೇಳ್ತಾರಾ? ಆ ಪ್ರಶ್ನೆಯನ್ನ ಮೊದಲ ಗಿಡ ಸೇರಿಸಿದ ನಂತರಕ್ಕೆ ತಳ್ಳಿದೆ. ಯಾಕೆ ಬೇಕು ಅಂತ ಅಷ್ಟರಲ್ಲಿ ಅವರಿಗೇ ಗೊತ್ತಾಗಿರುತ್ತೆ. ಮೂರನೇ ಪರದೆಯಲ್ಲಿ ಒಂದು ಪಾಠವಿತ್ತು: ಬೆರಳನ್ನ ಎರಡು ಗೆಣ್ಣಿನಷ್ಟು ಮಣ್ಣಿಗಿಳಿಸಿ, ಒದ್ದೆ ಇದ್ದರೆ ನೀರು ಬೇಡ. ಹತ್ತರಲ್ಲಿ ನಾಲ್ಕು ಜನ ಆ ಪರದೆಯಲ್ಲೇ ಬೇಜಾರಾಗಿ ಆ್ಯಪ್ ಬಿಟ್ಟು ಹೋಗ್ತಿದ್ರು. ಹೇಗೂ ನೋಟಿಫಿಕೇಶನ್‌ನಲ್ಲಿ 'ಒಣಗಿದ್ದಲ್ಲಿ' ಅಂತ ಇದೆಯಲ್ಲ ಅಂದ್ಕೊಂಡು ಅದನ್ನ ಕತ್ತರಿಸಿದೆ. ಆರು ಪರದೆ ಎರಡಾಯ್ತು.

ಮೂರು ವಾರ ಬಿಟ್ಟು ನೋಟಿಫಿಕೇಶನ್‌ಗೆ ಬಂದೆ. ಕತ್ತರಿಸಿ ಕತ್ತರಿಸಿ ಕೊನೆಗೆ ಉಳಿದಿದ್ದು 'ನಿಂಬೆಗೆ ಇವತ್ತು ನೀರು.' ಮಣ್ಣಿನ ಮಾತು ಶುರುವಿನ ಪರದೆಯಲ್ಲಿ ಹೇಳಿದೀವಲ್ಲ ಅಂತ ಮನಸ್ಸಿನಲ್ಲೇ ಅಂದ್ಕೊಂಡೆ. ಅದನ್ನ ಕಿತ್ತು ಬಿಸಾಕಿದ್ದು ಇದೇ ಕೈ ಅನ್ನೋದು ನೆನಪಿಗೇ ಬರಲಿಲ್ಲ.

ನೋಟಿಫಿಕೇಶನ್ ಮುಟ್ಟಿ ಆ್ಯಪ್ ತೆರೆಯೋರ ಲೆಕ್ಕ ಮೂರು ಪಟ್ಟಾಯ್ತು. ಬಾಸು ಎಲ್ಲರ ಮುಂದೆ ಚಪ್ಪಾಳೆ ತಟ್ಟಿಸಿದ್ರು. ನಾನು ಮನೆಗೆ ಬಂದು ಮೊದಲು ಮಾವನ ಫೋನಿಗೆ ಆ್ಯಪ್ ಹಾಕ್ಕೊಟ್ಟೆ. ಮಾವ ರೈಲ್ವೆಯಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದವರು. ಮನೆಯ ಬಾಲ್ಕನಿಯಲ್ಲಿ ಅವರದು ಒಂದೇ ಒಂದು ನಿಂಬೆ ಗಿಡ. ಬೀಜ ಹಾಕಿ ಆರು ವರ್ಷ ಸಾಕಿದ್ದು, ಈ ಸಲ ಮೊದಲ ಮೊಗ್ಗು ಬಂದಿತ್ತು. ದಿನಾ ಬೆಳಗ್ಗೆ ಎಣಿಸಿ 'ಇವತ್ತು ಹನ್ನೊಂದು' ಅಂತ ನನಗೆ ವರದಿ ಒಪ್ಪಿಸ್ತಿದ್ರು.

ತಿಂಗಳು ಕಳೀತು. ಮೋಡ ಕವಿದ ವಾರಗಳು, ಬಿಸಿಲೇ ಇಲ್ಲ. ಒಂದು ಭಾನುವಾರ ಬಟ್ಟೆ ಒಣಹಾಕೋಕೆ ಹೋದರೆ ಗಿಡದ ಎಲೆಯೆಲ್ಲ ಹಳದಿ, ಮೊಗ್ಗೆಲ್ಲ ಉದುರಿ ನೆಲದ ಮೇಲೆ. ಕುಂಡದಿಂದ ಕೊಳೆತ ವಾಸನೆ. ಮಾವ ಪಕ್ಕದಲ್ಲಿ ಚೊಂಬು ಹಿಡ್ಕೊಂಡು ನಿಂತಿದ್ರು.

"ಮತ್ತೆ ನೀರು ಹಾಕ್ತಿದ್ದೀರಾ ಮಾವ? ಮಣ್ಣು ಕೆಸರಾಗಿದೆಯಲ್ಲ!"

"ಬಂತಲ್ಲಮ್ಮ, ಇವತ್ತು ನೀರು ಅಂತ. ಸಿಗ್ನಲ್ ಬಿತ್ತು ಅಂದ್ರೆ ಗಾಡಿ ಬಿಡಬೇಕು. ಯಾಕೆ ಬಿತ್ತು ಅಂತ ಕೇಳೋ ಹಾಗಿಲ್ಲ."

ಅಲ್ಲೇ ನಿಂತು ಫೋನ್ ತೆಗೆದು ಎರಡೂ ಪರದೆ ನೋಡಿದೆ, ನೋಟಿಫಿಕೇಶನ್ ನೋಡಿದೆ. 'ಒಣಗಿದ್ದರೆ' ಅನ್ನೋ ಒಂದು ಮಾತು ಇಡೀ ಆ್ಯಪ್‌ನಲ್ಲಿ ಎಲ್ಲೂ ಇಲ್ಲ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ, ಗಿಡ ಉಳಿಸೋ ಆ್ಯಪೇ ಗಿಡ ಕೊಲ್ತಾ ಇದೆ. ಮಾವನ ಕೈಯಿಂದ ಚೊಂಬು ಇಸ್ಕೊಂಡೆ. ಗಿಡ ಹೋದ್ರೆ ಅವರ ಮುಖ ಹೇಗೆ ನೋಡಲಿ ಅಂತ ಹೆದರಿಕೆ ಆಯ್ತು.

ಸೋಮವಾರ ನೇರ ನಮ್ಮ ಆಫೀಸಿನ ಗಿಡದಕ್ಕನ ಹತ್ರ ಹೋದೆ. ಗ್ರಾಹಕರ ಪ್ರಶ್ನೆಗೆಲ್ಲ ಉತ್ತರ ಬರೆಯೋದು ಅವಳೇ. ಮಾವನ ನಿಂಬೆಯ ಫೋಟೋ ತೋರಿಸಿದೆ.

"ಬೇರು ಕೊಳೆತಿದೆ. ಕುಂಡದಿಂದ ತೆಗೆದು, ಕಪ್ಪಾಗಿರೋ ಬೇರು ಕತ್ತರಿಸಿ, ಹೊಸ ಮಣ್ಣಿಗೆ ಹಾಕೋಕೆ ಹೇಳು. ಉಳಿದ್ರೆ ಪುಣ್ಯ," ಅಂದ್ಲು. ಆಮೇಲೆ ಕನ್ನಡಕದ ಮೇಲಿಂದ ನೋಡಿ, "ಈ ತಿಂಗಳು ಇಂಥವು ಅರವತ್ತು ಬಂದಿವೆ ಕಣೇ ಕತ್ತರಿ. ಎರಡು ಸಲ ಮೇಲ್ ಹಾಕಿದೆ. ಉದ್ದ ಆಯ್ತು ಅಂತ ನೀನು ಓದ್ಲಿಲ್ವೇನೋ," ಅಂದ್ಲು. ಓದಿರಲಿಲ್ಲ, ನಿಜ.

ಅಲ್ಲಿಂದ ಬಾಸಿನ ಕೋಣೆಗೆ. ಗಿಡದಕ್ಕನೂ ನಾನೂ ಕೂತು ಬರೆದ ಹೊಸ ಸಾಲು ತೋರಿಸಿದೆ: 'ನಿಂಬೆಯ ಮಣ್ಣು ಮುಟ್ಟಿ ನೋಡಿ.' ಕೆಳಗೆ ಎರಡು ಬಟನ್, 'ಒಣಗಿತ್ತು, ಹಾಕಿದೆ' ಮತ್ತು 'ಇನ್ನೂ ಒದ್ದೆ'. ಒದ್ದೆ ಅಂತ ಒತ್ತಿದರೆ ಎರಡು ದಿನ ನಮ್ಮ ಕಡೆಯಿಂದ ಸದ್ದಿಲ್ಲ.

"ಎರಡು ದಿನ ಸದ್ದಿಲ್ಲ ಅಂದ್ರೆ ಮುಟ್ಟೋರ ಲೆಕ್ಕ ಬಿದ್ದು ಹೋಗುತ್ತಲ್ಲಮ್ಮ! ಚೆನ್ನಾಗಿ ಓಡ್ತಿರೋ ಸಾಲು! ನಿಂದೇ ಸಾಲು!"

"ನಂದೇ ಸರ್, ಅದಕ್ಕೇ ಬಂದೆ. ನಾನೇ ಎರಡು ಕಡೆ ಕತ್ತರಿಸಿ, ಒಂದು ಕಡೆ ಇದೆ ಅಂತ ನಂಬಿದ್ದೆ. ಗಿಡ ಸತ್ತವರು ಆ್ಯಪ್ ಇಟ್ಕೊಂಡು ಏನು ಮಾಡ್ತಾರೆ, ಪೂಜೆ ಮಾಡ್ತಾರಾ?"

ಅವರು ಗ್ರಾಹಕರು ಕಳಿಸಿದ್ದ ಅರವತ್ತು ಫೋಟೋ ನೋಡಿದ್ರು. ನೋಡ್ತಾ ನೋಡ್ತಾ ಮುಖ ಸಪ್ಪಗಾಯ್ತು. ಪಾಪ, ಒಳ್ಳೆಯವರು. "ಕೊನೆಗೆ ಒಂದೇ ಒಂದು ಆಶ್ಚರ್ಯಚಿಹ್ನೆ ಹಾಕೋಣ್ವಾ?" ಅಂದ್ರು. ಬೇಡ ಅಂದೆ. ಆಯ್ತು ಅಂದ್ರು.

ಸಂಜೆ ಮಾವನೂ ನಾನೂ ಬಾಲ್ಕನಿಯಲ್ಲಿ ಹಳೇ ಪೇಪರ್ ಹಾಸಿ ಗಿಡ ಕಿತ್ತೆವು. ಅರ್ಧಕ್ಕರ್ಧ ಬೇರು ಕಪ್ಪು. ಮಾವ ಒಂದೊಂದನ್ನೇ ಕತ್ತರಿಸಿ, ಉಳಿದದ್ದನ್ನ ಹೊಸ ಮಣ್ಣಿಗೆ ಕೂರಿಸಿದ್ರು. ಈ ವರ್ಷ ಕಾಯಿ ಇಲ್ಲ ಅನ್ನೋದು ಇಬ್ಬರಿಗೂ ಗೊತ್ತಿತ್ತು. ಹತ್ತು ದಿನ ನಾನು ಆ ಕಡೆ ತಿರುಗಿಯೂ ನೋಡಲಿಲ್ಲ. ಹನ್ನೊಂದನೇ ದಿನ ಮಾವ ಕರೆದರು. ತುದಿಯಲ್ಲಿ ಕಡಲೆಕಾಳಿನಷ್ಟು ಒಂದು ಚಿಗುರು.

ಅಷ್ಟರಲ್ಲಿ ಅವರ ಫೋನು ಟಿಂಗ್ ಅಂತು. ಹೊಸ ಸಾಲು ಅವತ್ತೇ ಎಲ್ಲರಿಗೂ ಹೋಗಿತ್ತು. ಮಾವ ಕನ್ನಡಕ ಹಾಕ್ಕೊಂಡು ಓದಿದ್ರು. ಬೆರಳನ್ನ ಮಣ್ಣಿಗೆ ಇಳಿಸಿದ್ರು, ಪಂಚೆಗೆ ಒರೆಸ್ಕೊಂಡ್ರು, 'ಇನ್ನೂ ಒದ್ದೆ' ಒತ್ತಿದ್ರು.

ನನಗೆ ಇನ್ನು ತಡೆಯೋಕಾಗಲಿಲ್ಲ. "ಮಾವ, ಆ ಮುಂಚಿನ ಸಾಲು ನಾನೇ ಬರೆದದ್ದು. ಮಣ್ಣಿನ ಮಾತು ಕತ್ತರಿಸಿದ್ದೂ ನಾನೇ. ನಿಮ್ಮ ಮೊಗ್ಗು ಉದುರಿದ್ದು ನನ್ನಿಂದ," ಅಂದೆ.

"ಗೊತ್ತು," ಅಂದ್ರು ಮಾವ.

"ಗೊತ್ತಾ?"

"ಆರು ವರ್ಷ ಸಾಕಿದವನಿಗೆ ಮಣ್ಣು ಒದ್ದೆಯಾಗಿದ್ದು ಗೊತ್ತಾಗಲ್ವೇನಮ್ಮ? ದಿನಾ ಬೆರಳಿಟ್ಟು ನೋಡ್ತಿದ್ದೆ."

"ಮತ್ತೆ ಯಾಕೆ ಹಾಕಿದ್ರಿ ಮಾವ!"

ಮಾವ ಗಿಡದ ಕಡೆ ನೋಡ್ತಾ ಹೇಳಿದ್ರು: "ಒಂದಿನ ಊಟಕ್ಕೆ ಕೂತಾಗ ನೀನೇ ಅಂದೆ, ನಾನು ಎಷ್ಟು ಕಷ್ಟಪಟ್ಟು ಬರೆದ್ರೂ ಸಾವಿರ ಜನ ಓದದೇ ಒರೆಸಿ ಹಾಕ್ತಾರೆ ಅಂತ. ನಮ್ಮ ಮನೆ ಸೊಸೆ ಬರೆದದ್ದನ್ನ ನಾನೊಬ್ಬನಾದ್ರೂ ಕೇಳೋಣ ಅಂತ ಹಾಕಿದೆ."